ಹಿಂದಿನ ಮನೆಮಾಲೀಕರಿಗೆ ಬರೆಯುವ ವಿಚಾರಣಾ ಪತ್ರ

ಮನೆಯನ್ನು ಬಾಡಿಗೆಗೆ ಕೇಳಿ ಬಂದವರು ಹಿಂದೆ ವಾಸವಿದ್ದ ಮನೆಯ ಮಾಲೀಕರಿಗೆ ಹೊಸ ಮಾಲೀಕರು ಬರೆಯುವ ಖಾಸಗಿ ಪತ್ರವೇ ವಿಚಾರಣಾ ಪತ್ರ. ಬಾಡಿಗೆ ಪಾವತಿಯ ರೂಢಿಯನ್ನೂ ಮನೆಯನ್ನು ಇಟ್ಟುಕೊಂಡ ರೀತಿಯನ್ನೂ ಉಳ್ಳದ್ದು ಉಳ್ಳಂತೆ ತಿಳಿಯುವುದು ಇದರ ಉದ್ದೇಶ. ವಿಜಯನಗರ ಜಿಲ್ಲೆಯ ಕೂಡ್ಲಿಗಿ ತಾಲ್ಲೂಕಿನ ಕಾನಹೊಸಹಳ್ಳಿಯಂತಹ ಊರುಗಳಲ್ಲಿ ಇಂತಹ ವಿಚಾರಣೆ ಸಾಮಾನ್ಯವಾಗಿ ಬಾಯಿಮಾತಿನಲ್ಲೇ ಮುಗಿಯುತ್ತದೆ. ಬರುವವರು ವರ್ಗಾವಣೆಯಾದ ಶಿಕ್ಷಕರೋ ಬ್ಯಾಂಕ್ ನೌಕರರೋ ಆಗಿದ್ದು, ಊರಿನಲ್ಲಿ ಅವರನ್ನು ಬಲ್ಲವರು ಇಲ್ಲದಿದ್ದಾಗ ಪತ್ರದ ಅಗತ್ಯ ಬೀಳುತ್ತದೆ.

ಯಾರಿಗೆ ಬರೆಯಬೇಕು

ಅರ್ಜಿದಾರರು ಈಗ ವಾಸವಿರುವ ಮನೆಯ ಮಾಲೀಕರ ಮಾತನ್ನು ಎಚ್ಚರದಿಂದ ಸ್ವೀಕರಿಸಬೇಕು. ಬಾಡಿಗೆ ಬಾಕಿ ಉಳಿಸಿಕೊಂಡವರು ಹೇಗಾದರೂ ಮನೆ ಬಿಟ್ಟರೆ ಸಾಕೆಂದು ಕಾಯುತ್ತಿರುವವರು ಅವರನ್ನು ಹೊಗಳಿ ಕಳುಹಿಸುವುದುಂಟು. ಅದಕ್ಕಿಂತ ಹಿಂದಿನ ಮನೆಯ ಮಾಲೀಕರಿಗೆ ಅಂತಹ ಹಂಗಿಲ್ಲ, ಲೆಕ್ಕ ಮುಗಿದಿರುತ್ತದೆ. ಆದ್ದರಿಂದ ಸಾಧ್ಯವಾದರೆ ಇಬ್ಬರಿಗೂ ಬರೆಯುವುದು ಒಳ್ಳೆಯದು.

ಪತ್ರ ನಿಜವಾದ ಮಾಲೀಕರಿಗೇ ತಲುಪಬೇಕು. ಅರ್ಜಿದಾರರು ಸ್ನೇಹಿತರೊಬ್ಬರನ್ನು ಮಾಲೀಕರೆಂದು ಪರಿಚಯಿಸುವ ಸಂಭವವೂ ಇದೆ. ಹಳೆಯ ಕರಾರು ಪತ್ರದ ಪ್ರತಿಯನ್ನು ಕೇಳಿ ಪಡೆದು, ಅದರಲ್ಲಿರುವ ಹೆಸರು ಮತ್ತು ವಿಳಾಸಕ್ಕೆ ಬರೆಯುವುದು ಸರಿಯಾದ ಕ್ರಮ. ಪತ್ರ ಬರೆಯುತ್ತಿರುವ ವಿಷಯವನ್ನು ಅರ್ಜಿದಾರರಿಗೆ ಮೊದಲೇ ತಿಳಿಸಿ ಅವರ ಒಪ್ಪಿಗೆ ಪಡೆಯಬೇಕು.

ಒಕ್ಕಣೆ

"ಅವರು ಹೇಗೆ?" ಎಂದು ಕೇಳಿದರೆ "ಒಳ್ಳೆಯವರು" ಎಂಬ ಉತ್ತರವಷ್ಟೇ ಬರುತ್ತದೆ. ಅಭಿಪ್ರಾಯವನ್ನು ಕೇಳದೆ ಸಂಗತಿಗಳನ್ನು ಕೇಳಬೇಕು. ಕರಾರು ಪತ್ರದಲ್ಲಿರುವ ಮೊತ್ತ ಮತ್ತು ತಾರೀಖುಗಳನ್ನು ನಾವೇ ಬರೆದುಬಿಡಬಾರದು. ಅವರೇ ಬರೆದರೆ, ಉತ್ತರಿಸಿದವರು ನಿಜವಾದ ಮಾಲೀಕರೇ ಎಂಬುದೂ ತಿಳಿಯುತ್ತದೆ. ಮಾದರಿ ಒಕ್ಕಣೆ ಹೀಗಿರಬಹುದು:

"ಮಾನ್ಯರೇ, ವಂದನೆಗಳು. ಕೊಟ್ಟೂರಿನ ತಮ್ಮ ಮನೆಯಲ್ಲಿ ಬಾಡಿಗೆಗೆ ಇದ್ದವರು ಕಾನಹೊಸಹಳ್ಳಿಯ ನಮ್ಮ ಮನೆಯನ್ನು ಕೇಳಿದ್ದಾರೆ. ಅವರ ಒಪ್ಪಿಗೆಯಿಂದಲೇ ಈ ಪತ್ರ ಬರೆಯುತ್ತಿದ್ದೇನೆ. ಅವರು ಯಾವ ತಿಂಗಳಿನಿಂದ ಯಾವ ತಿಂಗಳವರೆಗೆ ತಮ್ಮಲ್ಲಿದ್ದರು? ಬಾಡಿಗೆ ಎಷ್ಟಿತ್ತು, ಎಷ್ಟು ಸಲ ತಡವಾಯಿತು, ತಡವಾಗುವುದನ್ನು ಮೊದಲೇ ತಿಳಿಸುತ್ತಿದ್ದರೇ? ಬಿಡುವಾಗ ವಿದ್ಯುತ್ ಬಿಲ್ಲು ಬಾಕಿಯಿತ್ತೇ? ಮುಂಗಡದಲ್ಲಿ ಎಷ್ಟು ಹಿಡಿದುಕೊಂಡಿರಿ, ಯಾವುದಕ್ಕಾಗಿ? ತಮ್ಮ ಉತ್ತರ ನನ್ನಲ್ಲೇ ಉಳಿಯುತ್ತದೆ."

ಜಾತಿ, ಊಟದ ಪದ್ಧತಿ, ಮನೆಗೆ ಬರುವ ನೆಂಟರಿಷ್ಟರು ಈ ಪತ್ರದ ವಿಷಯಗಳಲ್ಲ. ದುರದೃಷ್ಟವಶಾತ್ ಬಾಯಿಮಾತಿನ ವಿಚಾರಣೆಯಲ್ಲಿ ಮೊದಲು ಬರುವ ಪ್ರಶ್ನೆಗಳು ಇವೇ.

ಉತ್ತರವನ್ನು ಓದುವ ಬಗೆ

ಮುಂಗಡದ ಪ್ರಶ್ನೆಯೇ ಹೆಚ್ಚು ಫಲ ನೀಡುವಂಥದ್ದು. ಉದಾಹರಣೆಗೆ, ಮೇಲಿನ ಪತ್ರಕ್ಕೆ ಹೀಗೆ ಉತ್ತರ ಬಂದಿತೆನ್ನೋಣ: ಬಾಡಿಗೆ ₹6,000, ಮುಂಗಡ ₹30,000. ಇದ್ದ 22 ತಿಂಗಳಲ್ಲಿ 5 ಸಲ ಬಾಡಿಗೆ 5ನೇ ತಾರೀಖಿನ ಬದಲು 15ರ ನಂತರ ಬಂದಿತು. ಪ್ರತಿಸಲವೂ ಮೊದಲೇ ತಿಳಿಸಿದ್ದರು. ವಿದ್ಯುತ್ ಬಾಕಿ ಇರಲಿಲ್ಲ. ಬಣ್ಣಕ್ಕೆಂದು ₹6,000, ಮುರಿದ ಬೀಗ ಮತ್ತು ನಲ್ಲಿಗೆ ₹1,200 ಹಿಡಿದು ₹22,800 ಹಿಂದಿರುಗಿಸಲಾಯಿತು.

ಇಲ್ಲಿ ಬಣ್ಣದ ಖರ್ಚು ದೋಷವಲ್ಲ. ಒಂದು ತಿಂಗಳ ಬಾಡಿಗೆಯನ್ನು ಬಣ್ಣಕ್ಕೆ ಹಿಡಿಯುವುದು ಕರ್ನಾಟಕದಲ್ಲಿ ಹಲವು ಮಾಲೀಕರ ರೂಢಿ. ನಿಜವಾದ ಹಾನಿ ₹1,200 ಮಾತ್ರ. ತಡವಾದರೂ ಒಂದು ತಿಂಗಳೂ ಬಾಡಿಗೆ ತಪ್ಪಿಲ್ಲ. ಸಂಬಳದ ದಿನವನ್ನು ವಿಚಾರಿಸಿ, ಬಾಡಿಗೆಯ ತಾರೀಖನ್ನು ಅದಕ್ಕೆ ತಕ್ಕಂತೆ ಇಟ್ಟರೆ ತೊಡಕು ನೀಗಬಹುದು. ಹಾಗಲ್ಲದೆ, "ಕೊನೆಯ ಮೂರು ತಿಂಗಳ ಬಾಡಿಗೆಯನ್ನು ಮುಂಗಡದಲ್ಲಿ ಮುರಿದುಕೊಂಡೆ" ಎಂದು ಬರೆದಿದ್ದರೆ ಅರ್ಥ ಬೇರೆ. ಅದು ಇಬ್ಬರ ಒಪ್ಪಿಗೆಯಿಂದ ಆಯಿತೇ ಎಂದು ಮತ್ತೊಮ್ಮೆ ಕೇಳಬೇಕಾಗುತ್ತದೆ.

ಮನೆ ಹಾಳಾಗಿದೆ ಎಂಬ ದೂರಿನಲ್ಲಿಯೂ ಕಾರಣವನ್ನು ನೋಡಬೇಕು. ಮಾಳಿಗೆ ಸೋರಿ ಗೋಡೆ ಉಬ್ಬಿದ್ದರೆ ಅದು ಬಾಡಿಗೆದಾರರ ತಪ್ಪಲ್ಲ. ಸೋರುವುದನ್ನು ಅವರು ಸಕಾಲದಲ್ಲಿ ತಿಳಿಸಿದ್ದರೇ ಎಂಬುದಷ್ಟೇ ಪ್ರಶ್ನೆ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 108ನೇ ಪ್ರಕರಣವು, ಬೇರೆ ಕರಾರು ಇಲ್ಲದಿದ್ದಲ್ಲಿ, ಮನೆಯನ್ನು ವಹಿಸಿಕೊಂಡಾಗಿನ ಸ್ಥಿತಿಯಲ್ಲಿ ಇಟ್ಟುಕೊಳ್ಳುವ ಹೊಣೆಯನ್ನು ಬಾಡಿಗೆದಾರರ ಮೇಲೆ ಹೊರಿಸುತ್ತದೆಯಾದರೂ ಸಹಜ ಸವೆತವನ್ನು ಅದರಿಂದ ಹೊರಗಿಡುತ್ತದೆ.

ಉತ್ತರಿಸುವವರ ಸ್ಥಿತಿ

ಇಂತಹ ಪತ್ರಕ್ಕೆ ಉತ್ತರಿಸಲೇಬೇಕೆಂಬ ಕಟ್ಟುಪಾಡಿಲ್ಲ. ಮೌನವನ್ನು ದೂರೆಂದು ಭಾವಿಸುವುದು ಅರ್ಜಿದಾರರಿಗೆ ಅನ್ಯಾಯ. ಹಲವರು ಬರೆಯುವ ಗೋಜೇ ಬೇಡವೆಂದು ಸುಮ್ಮನಿರುತ್ತಾರೆ. ಮಾನಹಾನಿಯ ಭಯವೂ ಕೆಲವರಿಗಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356ನೇ ಪ್ರಕರಣವು, ತನ್ನ ಅಥವಾ ಇನ್ನೊಬ್ಬರ ಹಿತರಕ್ಷಣೆಗಾಗಿ ಸದ್ಭಾವನೆಯಿಂದ ಆಡಿದ ಮಾತನ್ನು ಮಾನಹಾನಿಯ ಅಪರಾಧದಿಂದ ಹೊರಗಿಟ್ಟಿದೆ. ಈ ರಕ್ಷಣೆ ಹಗೆ ತೀರಿಸಿಕೊಳ್ಳಲು ಬರೆದ ಪತ್ರಕ್ಕೆ ದೊರೆಯುವುದಿಲ್ಲ. ಬಂದ ಉತ್ತರವನ್ನು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹಂಚಿದವರು ತಾವೇ ತೊಂದರೆಗೆ ಸಿಲುಕಬಹುದು.