ಟಾಪ್‌ಅಪ್‌ ಸಾಲ: ಬಡ್ಡಿದರ ಕಡಿಮೆ, ಅವಧಿ ಉದ್ದ

ಮಗಳ ಮದುವೆಗೆ 5 ಲಕ್ಷ ರೂಪಾಯಿ ಬೇಕಾಗಿರುವ ಮೈಸೂರಿನ ಒಂದು ಸಂಸಾರವನ್ನು ಊಹಿಸಿಕೊಳ್ಳಿ. ಮನೆ ಸಾಲದ ಕಂತನ್ನು ತಪ್ಪದೆ ಕಟ್ಟುತ್ತಿದ್ದಾರೆ, ತೀರಲು ಇನ್ನೂ 15 ವರ್ಷ ಇದೆ. ಅದೇ ಮನೆಯ ಮೇಲೆ ಶೇ. 9.5ರ ಬಡ್ಡಿಗೆ ಟಾಪ್‌ಅಪ್‌ ಸಿಗುತ್ತದೆ, ಪರ್ಸನಲ್ ಲೋನ್ ಆದರೆ ಶೇ. 14 ಎಂದಿಟ್ಟುಕೊಳ್ಳೋಣ. ಮೇಲ್ನೋಟಕ್ಕೆ ಯೋಚಿಸುವಂಥದ್ದೇನೂ ಇಲ್ಲ.

ಲೆಕ್ಕ ಹಾಕಿದರೆ ಚಿತ್ರ ಬೇರೆ. ಟಾಪ್‌ಅಪ್‌ ಸಾಲಕ್ಕೆ ಸಾಮಾನ್ಯವಾಗಿ ಮನೆ ಸಾಲದ ಉಳಿದ ಅವಧಿಯನ್ನೇ ಕೊಡುತ್ತಾರೆ. 15 ವರ್ಷಕ್ಕೆ ಕಂತು ತಿಂಗಳಿಗೆ ಸುಮಾರು 5,220 ರೂಪಾಯಿ, ಹಗುರವೇ. ಆದರೆ ತೀರುವ ಹೊತ್ತಿಗೆ ಬಡ್ಡಿಯೇ 4.40 ಲಕ್ಷ ಆಗಿರುತ್ತದೆ. ಪರ್ಸನಲ್ ಲೋನನ್ನು 4 ವರ್ಷದಲ್ಲಿ ತೀರಿಸಿದರೆ ಕಂತು 13,660ರ ಆಸುಪಾಸು, ಬಡ್ಡಿ ಒಟ್ಟು 1.56 ಲಕ್ಷ. ದುಬಾರಿ ಬಡ್ಡಿದರದ ಸಾಲವೇ ಇಲ್ಲಿ ಅಗ್ಗ.

ಹಾಗೆಂದು ಟಾಪ್‌ಅಪ್‌ ಬಿಡಬೇಕಿಲ್ಲ. ಅದಕ್ಕೂ ತಿಂಗಳಿಗೆ 13,660 ಕಟ್ಟುತ್ತಾ ಹೋದರೆ 44 ತಿಂಗಳಲ್ಲಿ ತೀರುತ್ತದೆ, ಬಡ್ಡಿ 93 ಸಾವಿರದಷ್ಟೇ. ವ್ಯಾಪಾರಕ್ಕಲ್ಲದೆ ಸ್ವಂತಕ್ಕೆ ಪಡೆದ, ಬಡ್ಡಿದರ ಬದಲಾಗುತ್ತಿರುವ ಸಾಲವನ್ನು ಅವಧಿಗೆ ಮೊದಲೇ ತೀರಿಸಿದರೆ ಶುಲ್ಕ ಹಾಕಬಾರದೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ. ಪರ್ಸನಲ್ ಲೋನ್‌ಗಳಲ್ಲಿ ಬಡ್ಡಿದರ ಹೆಚ್ಚಾಗಿ ಸ್ಥಿರವಾಗಿರುವುದರಿಂದ ಆ ರಕ್ಷಣೆ ಸಾಮಾನ್ಯವಾಗಿ ಸಿಗುವುದಿಲ್ಲ. ಎಡವುವುದು ಹೆಚ್ಚುವರಿ ಹಣ ಕಟ್ಟುವ ಕಡೆ. ಟಾಪ್‌ಅಪ್‌ಗೆ ಬಹಳ ಕಡೆ ಬೇರೆಯೇ ಖಾತೆ ಸಂಖ್ಯೆ ಇರುತ್ತದೆ. ಹಣ ಆ ಖಾತೆಯ ಅಸಲಿಗೆ ಹೋಗಬೇಕು, ಕಂತು ಇಳಿಯದೆ ಅವಧಿ ಇಳಿಯಬೇಕು ಎಂದು ಬರವಣಿಗೆಯಲ್ಲೇ ಕೊಡಿ. ಮುಂದಿನ ತಿಂಗಳ ಸ್ಟೇಟ್‌ಮೆಂಟಿನಲ್ಲಿ ಅಸಲು ಅಷ್ಟೇ ಇಳಿದಿದೆಯೇ ನೋಡಿ. ಕೈಬಿಗಿ ಇಲ್ಲದವರು ಸಾಲ ಪಡೆಯುವಾಗಲೇ 4 ವರ್ಷದ ಅವಧಿ ಕೇಳುವುದು ಕ್ಷೇಮ.

ಸಾಲ ಮಂಜೂರಾಗುವ ಮೊದಲು ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಎಂಬ ಹಾಳೆ ಕೈಗೆ ಬರುತ್ತದೆ. ಪ್ರೊಸೆಸಿಂಗ್ ಶುಲ್ಕವನ್ನೂ ಸೇರಿಸಿದ ವಾರ್ಷಿಕ ದರ ಅದರಲ್ಲಿರುತ್ತದೆ. ಎರಡು ಸಾಲಗಳನ್ನು ಹೋಲಿಸಬೇಕಾದ್ದು ಆ ದರದಲ್ಲಿ, ಜಾಹೀರಾತಿನ ದರದಲ್ಲಲ್ಲ. ಒಂದೆರಡು ಲಕ್ಷ ಮಾತ್ರ ಬೇಕಾಗಿ, ವರ್ಷದೊಳಗೆ ತೀರಿಸುವಂತಿದ್ದರೆ ಟಾಪ್‌ಅಪ್‌ನ ಮೌಲ್ಯಮಾಪನ, ಕಾನೂನು ಪರಿಶೀಲನೆಯ ಖರ್ಚು ಬಡ್ಡಿಯ ಉಳಿತಾಯವನ್ನು ನುಂಗಿಬಿಡಬಹುದು.

ಇನ್ನೊಂದು ಮಾತನ್ನು ನಾನು ಬಡ್ಡಿಗಿಂತ ದೊಡ್ಡದೆಂದು ತಿಳಿದಿದ್ದೇನೆ. ಟಾಪ್‌ಅಪ್‌ಗೆ ಅಡಮಾನ ವಾಸದ ಮನೆ. ಕಂತು 90 ದಿನ ಮೀರಿ ಬಾಕಿಯಾದರೆ ಸಾಲ ಎನ್‌ಪಿಎ ಆಗುತ್ತದೆ. ಆಮೇಲೆ ಸರ್ಫೇಸಿ ಕಾಯ್ದೆಯಡಿ 60 ದಿನಗಳ ನೋಟಿಸು ಕೊಟ್ಟು, ಸಿವಿಲ್ ದಾವೆ ಹೂಡದೆಯೇ ಮನೆಯ ಸ್ವಾಧೀನಕ್ಕೆ ಬ್ಯಾಂಕು ಮುಂದಾಗಬಹುದು. ಪರ್ಸನಲ್ ಲೋನ್ ಕೆಟ್ಟರೆ ಸಿಬಿಲ್ ಅಂಕ ಕುಸಿಯುತ್ತದೆ, ಕೋರ್ಟು ಅಲೆಯಬೇಕಾದೀತು, ಆದರೆ ಆ ಸಾಲಕ್ಕೆ ಮನೆ ಅಡವಾಗಿರುವುದಿಲ್ಲ. ಕೆಲಸ ಭದ್ರವಿಲ್ಲದವರು ಮದುವೆಯಂಥ ಖರ್ಚಿಗೆ ಮನೆಯ ಮೇಲಿನ ಭಾರ ಹೆಚ್ಚಿಸಿಕೊಳ್ಳುವ ಮುನ್ನ, ಸಾಲದ ಮೊತ್ತವನ್ನೇ ಇಳಿಸಲು ಆಗುತ್ತದೆಯೇ ಎಂದು ಮನೆಯವರೆಲ್ಲ ಕೂತು ನೋಡಬೇಕು.