ಎಗ್ ಪಿಕಪ್‌ಗೆ ಮುಂಚೆ ಕೈಗೆ ಬರುವ ಆ ಎರಡು ಪುಟ

ತಂಗಿ ಫೋನ್ ಮಾಡಿದ್ದು ಸೋಮವಾರ ಸಂಜೆ. ಐವಿಎಫ್ ಚಿಕಿತ್ಸೆಯಲ್ಲಿದ್ದಳು. 10 ದಿನ ಹೊಟ್ಟೆಗೆ ಇಂಜೆಕ್ಷನ್ ಚುಚ್ಚಿಸಿಕೊಂಡಾಗಿತ್ತು, ಬುಧವಾರ ಬೆಳಿಗ್ಗೆ 9ಕ್ಕೆ ಅಂಡಾಣು ಹೊರತೆಗೆಯುವುದಿತ್ತು. ಆಸ್ಪತ್ರೆಯವರು ಎರಡು ಪುಟದ ಹಾಳೆ ಕೊಟ್ಟು ಕಳಿಸಿದ್ದರು, ಪೂರ್ತಿ ಇಂಗ್ಲಿಷಿನಲ್ಲಿ. "ಅಕ್ಕಾ, ಅರಿವಳಿಕೆ ರಿಸ್ಕ್, ಬ್ಲೀಡಿಂಗು, ಇನ್ಫೆಕ್ಷನ್ನು ಅಂತೆಲ್ಲ ಒಂದೇ ಉಸಿರಲ್ಲಿ ಬರೆದಿದಾರೆ. ಇಷ್ಟೂ ನನಗೆ ಆಗುತ್ತಾ?" ಅಂದಳು.

ನಾನು ಬಹಳ ವರ್ಷ ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿದ್ದವಳು. ಆ ಹಾಳೆಯಲ್ಲಿ ತಪ್ಪು ಮಾಹಿತಿ ಒಂದೂ ಇರಲಿಲ್ಲ. ಆದರೆ ಯಾವ ತೊಂದರೆ ಯಾವಾಗ ಬರುತ್ತದೆ ಎಂಬುದೇ ಅದರಲ್ಲಿರಲಿಲ್ಲ. ಮಂಪರಿನ ಅಪಾಯ ಕೆಲವು ನಿಮಿಷಗಳದ್ದು. ರಕ್ತಸ್ರಾವ ಹೆಚ್ಚಾಗಿ ಮೊದಲ ದಿನದ ಮಾತು. ಸೋಂಕು ದಿನಗಳು, ಕೆಲವೊಮ್ಮೆ ವಾರಗಳು ಕಳೆದ ಮೇಲೆ ಬರುವಂಥದ್ದು. ಇಷ್ಟು ಗೊತ್ತಿದ್ದರೆ ಯಾವ ಹೊತ್ತಿನಲ್ಲಿ ಏನನ್ನು ಗಮನಿಸಬೇಕು ಎಂಬುದು ತಿಳಿಯುತ್ತದೆ. 2021ರ ಎಆರ್‌ಟಿ ಕಾಯ್ದೆಯ ಪ್ರಕಾರ ಲಿಖಿತ ಒಪ್ಪಿಗೆ ಇಲ್ಲದೆ ಈ ಚಿಕಿತ್ಸೆ ಮಾಡುವಂತಿಲ್ಲ. ಹಾಗಿರುವಾಗ ಸಹಿ ಹಾಕುವವಳಿಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸುವುದೂ ಆಸ್ಪತ್ರೆಯದೇ ಕೆಲಸ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಮೊದಲು ಮಂಪರು. ಸೋಮವಾರ ರಾತ್ರಿ 9.30ಕ್ಕೆ ತಂಗಿಗೆ ಟ್ರಿಗರ್ ಇಂಜೆಕ್ಷನ್ ಇತ್ತು. ಅಂಡಾಣುಗಳನ್ನು ಕೊನೆಯ ಹಂತಕ್ಕೆ ಮಾಗಿಸುವ ಇಂಜೆಕ್ಷನ್ ಅದು. ಅದಾದ 35-36 ಗಂಟೆಗೆ ಪಿಕಪ್ ಆಗಬೇಕು. ತುಂಬಾ ತಡವಾದರೆ ಅಂಡಾಣುಗಳು ತಾವಾಗಿಯೇ ಬಿಡುಗಡೆಯಾಗಿ ಕೈಗೆ ಸಿಗದೆ ಹೋಗುತ್ತವೆ. ಆದ್ದರಿಂದ ಬೇರೆ ಆಪರೇಷನ್ನಿನ ಹಾಗೆ ಇದನ್ನು ನಾಳೆಗೆ ಮುಂದೂಡಲು ಆಗುವುದಿಲ್ಲ. ಖಾಲಿ ಹೊಟ್ಟೆಯ ನಿಯಮಕ್ಕೆ ಇಲ್ಲಿ ಅಷ್ಟು ತೂಕ ಇರುವುದು ಅದಕ್ಕೇ. ಊಟ ಆಗಿ 6 ಗಂಟೆ ಕಳೆದಿರಬೇಕು, ಬರೀ ನೀರು ಸಾಮಾನ್ಯವಾಗಿ 2 ಗಂಟೆ ಮುಂಚಿನವರೆಗೆ ನಡೆಯುತ್ತದೆ. ಹಾಲು ಹಾಕಿದ ಕಾಫಿ ನೀರಿನ ಲೆಕ್ಕಕ್ಕೆ ಬರುವುದಿಲ್ಲ, ಅದು ಊಟದ ಲೆಕ್ಕ. ಮಂಪರಿನಲ್ಲಿ ವಾಂತಿಯಾದರೆ ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿಯಬಹುದು. ಬೆಳಿಗ್ಗೆ ಮರೆತು ಅರ್ಧ ಲೋಟ ಕಾಫಿ ಕುಡಿದುಬಿಟ್ಟು, ಪಿಕಪ್ ತಪ್ಪೀತು ಎಂಬ ಭಯಕ್ಕೆ ಬಾಯಿ ಮುಚ್ಚಿಕೊಂಡು ಮೇಜಿನ ಮೇಲೆ ಮಲಗುವವರಿದ್ದಾರೆ. ದಯವಿಟ್ಟು ಹೇಳಿಬಿಡಿ. ಹೇಳಿದರೆ ಅರಿವಳಿಕೆ ವೈದ್ಯರು ಸ್ವಲ್ಪ ಕಾಯಬಹುದು, ಇಲ್ಲವೆ ಬೇರೆ ವಿಧಾನ ನೋಡಬಹುದು. ಗೊರಕೆ, ಅಸ್ತಮಾ, ಅಲುಗಾಡುವ ಹಲ್ಲು, ಹಿಂದೆ ಯಾವುದಾದರೂ ಔಷಧಿಗೆ ಆಗಿದ್ದ ಅಲರ್ಜಿ ಎಲ್ಲವನ್ನೂ ಅವರ ಕಿವಿಗೆ ಹಾಕಬೇಕು.

ಹೆಚ್ಚಿನ ಕಡೆ ಕೊಡುವುದು ಪ್ರೊಪೊಫಾಲ್. ನೋಡಲು ಥೇಟ್ ಹಾಲು. ರಕ್ತನಾಳದೊಳಗೆ ಹೋಗುವಾಗ ಕೈ ಒಂದು ಕ್ಷಣ ಉರಿಯುತ್ತದೆ, ಆಮೇಲೆ ನೆನಪಿರುವುದಿಲ್ಲ. ಸಾಮಾನ್ಯವಾಗಿ ಉಸಿರಾಟ ನಮ್ಮದೇ ಇರುತ್ತದೆ, ಆದರೆ ನಿಧಾನವಾಗಬಹುದು. ಅದಕ್ಕೇ ಬೆರಳಿಗೊಂದು ಕ್ಲಿಪ್, ಮೂಗಿಗೆ ಆಮ್ಲಜನಕ, ತಲೆಯ ಬಳಿ ಅದಕ್ಕೆಂದೇ ನಿಂತ ಒಬ್ಬರು. ಬಹಳಷ್ಟು ಸಲ ಗದ್ದ ಎತ್ತಿ ಹಿಡಿದರೆ ಸಾಕು, ಉಸಿರು ಸರಾಗವಾಗುತ್ತದೆ. ಒಟ್ಟು ಕೆಲಸ 15-30 ನಿಮಿಷದ್ದು. ಎಚ್ಚರವಾದ ಮೇಲೂ ಆ ದಿನವಿಡೀ ತಲೆ ಪೂರ್ತಿ ತಿಳಿಯಾಗಿರುವುದಿಲ್ಲ. 24 ಗಂಟೆ ಗಾಡಿ ಓಡಿಸಬಾರದು, ಮುಖ್ಯ ಕಾಗದಕ್ಕೆ ಸಹಿ ಹಾಕಬಾರದು.

ಇನ್ನು ಸೂಜಿ. ಒಂದೂವರೆ ಮಿಲಿಮೀಟರ್ ದಪ್ಪ, ಒಂದಡಿಯಷ್ಟು ಉದ್ದ. ಯೋನಿಯೊಳಗೆ ಇಟ್ಟ ಸ್ಕ್ಯಾನ್ ಕಡ್ಡಿಗೆ ಅದನ್ನು ಜೋಡಿಸಿರುತ್ತಾರೆ. ಪರದೆ ನೋಡುತ್ತಾ ಯೋನಿಯ ಗೋಡೆಯ ಮೂಲಕ ಅಂಡಾಶಯಕ್ಕೆ ಚುಚ್ಚಿ, ಒಂದೊಂದೇ ಫಾಲಿಕಲ್‌ನ ನೀರನ್ನು ಬೆಚ್ಚಗಿನ ಟ್ಯೂಬಿಗೆ ಎಳೆದುಕೊಳ್ಳುತ್ತಾರೆ. ಹೊಟ್ಟೆ ಕೊಯ್ಯುವುದಿಲ್ಲ, ಹೊಲಿಗೆಯೂ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಆದರೆ ಚುಚ್ಚಿದ ಜಾಗ ಎರಡು ಎಂಬುದನ್ನು ನೆನಪಿಡಬೇಕು. ಯೋನಿಯ ಗೋಡೆಯಿಂದ ಬರುವ ರಕ್ತ ಕಣ್ಣಿಗೆ ಕಾಣುತ್ತದೆ, ಗಾಜ್ ಒತ್ತಿ ಹಿಡಿದರೆ ಬಹುತೇಕ ನಿಲ್ಲುತ್ತದೆ. ಅಂಡಾಶಯದ ಮೇಲ್ಮೈಯಿಂದ ಒಸರುವ ರಕ್ತ ಹೊಟ್ಟೆಯೊಳಗೇ ಸೇರುತ್ತದೆ, ಪ್ಯಾಡಿನ ಮೇಲೆ ಒಂದು ಹನಿಯೂ ಕಾಣದೆ ಇರಬಹುದು. ಚಿಕಿತ್ಸೆ ಬೇಕಾಗುವಷ್ಟು ಒಳ ರಕ್ತಸ್ರಾವ ಆಗುವುದು ಸಾವಿರ ಮಂದಿಯಲ್ಲಿ ಒಬ್ಬಿಬ್ಬರಿಗೆ. ತೆಳ್ಳಗಿದ್ದು ಪಿಸಿಒಎಸ್ ಇರುವವರಿಗೆ ಸಾಧ್ಯತೆ ತುಸು ಹೆಚ್ಚು. ನನ್ನ ತಂಗಿ ಅಂಥವಳೇ.

ಬುಧವಾರ 14 ಅಂಡಾಣು ಸಿಕ್ಕವು. ಮಧ್ಯಾಹ್ನ ಒಂದಕ್ಕೆ ಮನೆಗೆ ಬಂದಳು. ರಾತ್ರಿ 10ಕ್ಕೆ ಗಾಬರಿಯಿಂದ ಫೋನ್: "ಅಕ್ಕಾ, ರಕ್ತ ಹೋಗ್ತಾ ಇದೆ, ಕೆಳಹೊಟ್ಟೆ ನೋಯ್ತಿದೆ." ರಕ್ತದ ಬಣ್ಣ ಕೇಳಲಿಲ್ಲ ನಾನು. ಮಧ್ಯಾಹ್ನದಿಂದ ಎಷ್ಟು ಪ್ಯಾಡ್ ಆಯಿತು ಅಂದೆ. ಒಂದೇ, ಅದೂ ಅರ್ಧ. ವೈದ್ಯರು ಬರೆದುಕೊಟ್ಟ ಪ್ಯಾರಾಸಿಟಮಾಲ್ ತಗೊಂಡ ಮೇಲೆ ನೋವು ಇಳಿಯಿತಾ? ಇಳಿಯಿತು, ಮುಟ್ಟಿನ ನೋವಿನ ಹಾಗಿದೆ. ಎದ್ದು ನಿಂತರೆ ತಲೆ ಸುತ್ತುತ್ತದಾ? ಇಲ್ಲ. ಮೂತ್ರ? ಎರಡು ಸಲ ಹೋಗಿದೆ. ಹೆಗಲು ನೋಯುತ್ತಾ? "ಹೊಟ್ಟೆಗೂ ಹೆಗಲಿಗೂ ಏನಕ್ಕಾ ಸಂಬಂಧ?" ಅಂದಳು.

ಸಂಬಂಧ ಇದೆ. ಹೊಟ್ಟೆಯೊಳಗೆ ಸೇರಿದ ರಕ್ತ ಮೇಲಕ್ಕೆ ಹರಿದು ವಪೆಗೆ ತಾಗಿದರೆ, ಆ ನರದ ಬೇರೂ ಹೆಗಲಿನ ನರದ ಬೇರೂ ಕತ್ತಿನಲ್ಲಿ ಒಂದೇ ಜಾಗದ್ದಾದ್ದರಿಂದ ನೋವು ಹೆಗಲ ತುದಿಯಲ್ಲಿ ಕಾಣಿಸಿಕೊಳ್ಳುತ್ತದೆ. ಗಂಟೆಗೊಂದು ಪ್ಯಾಡ್ ತೊಯ್ಯುವುದು, ಮಾತ್ರೆಗೆ ಬಗ್ಗದೆ ಏರುತ್ತಲೇ ಹೋಗುವ ನೋವು, ನಿಂತರೆ ಕಣ್ಣು ಕತ್ತಲೆ, ಮುಖ ಬಿಳಿಚಿ ಎದೆ ಡವಡವ ಎನ್ನುವುದು, ಇವುಗಳಲ್ಲಿ ಯಾವುದೊಂದಿದ್ದರೂ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಬೇಕು. ಹೆಚ್ಚಿನವರಿಗೆ ನಿಗಾ ಮತ್ತು ಸಲೈನ್ ಸಾಕಾಗುತ್ತದೆ, ಕೆಲವರಿಗೆ ರಕ್ತ ಕೊಡಬೇಕಾಗುತ್ತದೆ, ಅಪರೂಪಕ್ಕೆ ಲ್ಯಾಪ್ರೊಸ್ಕೋಪಿ ಮಾಡಿ ರಕ್ತ ನಿಲ್ಲಿಸಬೇಕಾಗುತ್ತದೆ. ತಂಗಿಗೆ ಇದಾವುದೂ ಇರಲಿಲ್ಲ. ಆಸ್ಪತ್ರೆಯ ರಾತ್ರಿ ನಂಬರಿಗೂ ಒಮ್ಮೆ ಹೇಳಿಡು ಅಂದೆ, ಹೇಳಿ ಮಲಗಿದಳು.

ಸೋಂಕು ನೂರರಲ್ಲಿ ಒಬ್ಬರಿಗಿಂತಲೂ ಕಡಿಮೆ ಮಂದಿಗೆ ಆಗುತ್ತದೆ. ಯೋನಿಯನ್ನು ಎಷ್ಟು ತೊಳೆದರೂ ಅಲ್ಲಿನ ಬ್ಯಾಕ್ಟೀರಿಯಾ ಪೂರ್ತಿ ಹೋಗುವುದಿಲ್ಲ, ಸೂಜಿಯ ಜೊತೆ ಒಳಗೆ ಸೇರಬಹುದು. ಎಂಡೊಮೆಟ್ರಿಯೋಸಿಸ್‌ನ ಚಾಕೊಲೇಟ್ ಗಡ್ಡೆ ಇರುವವರಲ್ಲಿ, ಹಿಂದೆ ಗರ್ಭನಾಳದ ಸೋಂಕು ಆಗಿದ್ದವರಲ್ಲಿ ಅಪಾಯ ಹೆಚ್ಚು. ಗಡ್ಡೆಯೊಳಗಿನ ಹಳೆಯ ರಕ್ತ ಬ್ಯಾಕ್ಟೀರಿಯಾಕ್ಕೆ ಒಳ್ಳೆಯ ಆಹಾರ. ನನಗೆ ಚಿಂತೆಯಾಗುವುದು ಅದು ತಡವಾಗಿ ಬರುತ್ತದೆ ಎಂಬುದಕ್ಕೆ. ಆರನೇ ದಿನ ಚಳಿಜ್ವರ ಬಂದರೆ ಬೀದಿ ಕೊನೆಯ ಕ್ಲಿನಿಕ್ಕಿಗೆ ಹೋಗುತ್ತೇವೆ, ವೈರಲ್ ಜ್ವರ ಎಂದು ಮಾತ್ರೆ ತರುತ್ತೇವೆ. ಪಿಕಪ್ ಆಗಿದ್ದು ಅಲ್ಲಿ ಯಾರಿಗೂ ಗೊತ್ತಿರುವುದಿಲ್ಲ, ಐವಿಎಫ್ ಗುಟ್ಟಾಗಿರಲಿ ಎಂದು ನಾವೂ ಹೇಳುವುದಿಲ್ಲ. 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ಕಡಿಮೆಯಾಗಿದ್ದ ಕೆಳಹೊಟ್ಟೆ ನೋವು ಮತ್ತೆ ಶುರುವಾಗುವುದು, ವಾಸನೆಯ ಸ್ರಾವ ಕಂಡರೆ ಪಿಕಪ್ ಮಾಡಿದ ಆಸ್ಪತ್ರೆಗೇ ಹೋಗಬೇಕು. ಬೇರೆ ವೈದ್ಯರ ಬಳಿ ಹೋದರೂ ಮೊದಲ ಮಾತೇ ಅದಾಗಿರಲಿ.

ಚೇತರಿಕೆಯ ದಿನಗಳು ಹೇಗಿದ್ದವು ಎಂದು ತಂಗಿಯ ಬಾಯಿಂದಲೇ ಕೇಳಿದ್ದನ್ನು ಹೇಳುತ್ತೇನೆ. ಮಾರನೇ ದಿನ ಹೊಟ್ಟೆ ಉಬ್ಬಿ ಚೂಡಿದಾರದ ಲಾಡಿ ಸಡಿಲ ಮಾಡಬೇಕಾಯಿತು. ಮಲಬದ್ಧತೆ. ಆಟೊ ಹಂಪ್ ಹತ್ತಿಳಿದರೆ ಒಳಗೆ ಏನೋ ಜಗ್ಗಿದಂತೆ. ಅಂಡಾಶಯಗಳು ಇನ್ನೂ ಮೂಸಂಬಿಯಷ್ಟು ಊದಿಕೊಂಡಿರುತ್ತವೆ, ಅದಕ್ಕೆ ಹಾಗೆ. ಅವು ತಿರುಚಿಕೊಳ್ಳುವ ಅಪಾಯ ಇರುವುದರಿಂದ ಓಟ, ಭಾರ ಎತ್ತುವುದು, ಲೈಂಗಿಕ ಸಂಪರ್ಕ ವೈದ್ಯರು ಹೇಳುವವರೆಗೆ ಬೇಡ. ದಿನಾ ಬೆಳಿಗ್ಗೆ ಒಂದೇ ತಕ್ಕಡಿಯ ಮೇಲೆ ತೂಕ ನೋಡಿ ಬರೆದಿಡು ಅಂದಿದ್ದೆ. ದಿನಕ್ಕೆ ಒಂದು ಕಿಲೋ ಏರಿ, ಮೂತ್ರ ಕಡಿಮೆಯಾಗಿ, ಉಸಿರು ಕಟ್ಟಿದಂತಾದರೆ ಅದು ಅಂಡಾಶಯ ಅತಿಯಾಗಿ ಉದ್ದೀಪನಗೊಂಡ ಲಕ್ಷಣ, ಕೂಡಲೇ ತೋರಿಸಬೇಕು. ಅವಳ ತೂಕ ಎರಡನೇ ದಿನ ಅರ್ಧ ಕಿಲೋ ಏರಿ ಅಲ್ಲೇ ನಿಂತಿತು. ಮೂರನೇ ದಿನ ಕೆಲಸಕ್ಕೆ ಹೋದಳು, ಕುರ್ಚಿಯಲ್ಲಿ ಮೆಲ್ಲಗೆ ಕೂರುತ್ತಿದ್ದಳಂತೆ.

ಭ್ರೂಣಗಳನ್ನು ಫ್ರೀಜ್ ಮಾಡಿದ್ದರು. 11ನೇ ದಿನ ಮುಟ್ಟಾಯಿತು, ಎಂದಿಗಿಂತ ತುಸು ಹೆಚ್ಚು. ಅದು ಮುಗಿಯುವ ಹೊತ್ತಿಗೆ ಹೊಟ್ಟೆಯ ಉಬ್ಬರ ಇಳಿದು, ಲಾಡಿ ಹಳೆಯ ಗಂಟಿಗೆ ಬಂದಿತ್ತು.