ಖಾಲಿ ಬಿನ್ನಿಗೆ 40 ನಿಮಿಷದ ಗಡುವು

ಪಂಪ್ ಜೋಡಿಸುವ ಲೈನಿನಲ್ಲಿ ಮೋಟಾರು ಬಾರದೆ ಕೆಲಸ ನಿಂತರೆ ಯಾರೂ ಅಷ್ಟಾಗಿ ಬೆರಗಾಗುವುದಿಲ್ಲ. ಅದು ದುಬಾರಿ ವಸ್ತು, ತಡವಾದರೆ ಎಲ್ಲರಿಗೂ ಮೊದಲೇ ಗೊತ್ತಾಗಿರುತ್ತದೆ. ಮುಖ ಕೆಡಿಸುವುದು ಬೋಲ್ಟು. ಸ್ಟೋರ್ಸಿನಲ್ಲಿ ಸಾವಿರಗಟ್ಟಲೆ ಬಿದ್ದಿರುತ್ತದೆ, ಕಂಪ್ಯೂಟರೂ ಇದೆ ಅನ್ನುತ್ತದೆ, ಆದರೆ ಲೈನಿನ ಪಕ್ಕದ ಬಿನ್ನಿನಲ್ಲಿ ಮಾತ್ರ ಇಲ್ಲ.

ಕಾನ್‌ಬಾನ್ ಹುಟ್ಟಿದ್ದು ಇಂಥ ತಾಪತ್ರಯಕ್ಕೆ ಉತ್ತರವಾಗಿ. ಟೊಯೊಟಾದ ತೈಇಚಿ ಓನೊ ಅಮೆರಿಕದ ಸೂಪರ್ ಮಾರ್ಕೆಟ್ಟುಗಳಿಂದ ಈ ಯೋಚನೆ ಪಡೆದರು: ಗಿರಾಕಿ ಎಷ್ಟು ಒಯ್ದನೋ ಅಷ್ಟನ್ನೇ ಕಪಾಟಿಗೆ ಮತ್ತೆ ತುಂಬುವುದು. 1950ರ ದಶಕದಲ್ಲಿ ತಮ್ಮ ಮೆಷಿನ್ ಶಾಪಿನಲ್ಲಿ ಕಾರ್ಡುಗಳನ್ನಿಟ್ಟು ಶುರು ಮಾಡಿದ ಪದ್ಧತಿ ಇಡೀ ಕಂಪನಿಗೆ ಹರಡಲು 1962 ಬಂತು. ಅದಕ್ಕೆ ಮೊದಲು ನಡೆಯುತ್ತಿದ್ದದ್ದು, ಈಗಲೂ ಬಹಳ ಕಡೆ ನಡೆಯುವುದು, ಯೋಜನೆಯ ಪಟ್ಟಿ ನೋಡಿ ಮುಂದಕ್ಕೆ ತಳ್ಳುವ ಕ್ರಮ. ಇಂದು 400 ಪಂಪ್ ಮಾಡಬೇಕೆಂದು ಪಟ್ಟಿ ಹೇಳಿದರೆ ಬೆಳಿಗ್ಗೆಯೇ ಅಷ್ಟಕ್ಕೂ ಸಾಮಾನು ಲೈನಿಗೆ ಬಂದು ಬೀಳುತ್ತದೆ. ಕಾನ್‌ಬಾನಿನಲ್ಲಿ ಖರ್ಚಾದದ್ದೇ ಬೇಡಿಕೆ. ಮನೆಯಲ್ಲಿ ಎರಡು ಗ್ಯಾಸ್ ಸಿಲಿಂಡರ್ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಮುಗಿದ ದಿನ ಬುಕ್ ಮಾಡುತ್ತೇವೆ, ಇನ್ನೊಂದು ಮುಗಿಯುವುದರೊಳಗೆ ಬಂದರೆ ಸರಿ.

ಪ್ರಶ್ನೆ ಇರುವುದು ಎಷ್ಟು ಬಿನ್ ಬೇಕು ಎನ್ನುವುದರಲ್ಲಿ. ಒಂದು ಪಂಪ್ ಲೈನನ್ನೇ ಊಹಿಸಿಕೊಳ್ಳಿ. ಎಂಟು ಗಂಟೆಯ ಶಿಫ್ಟಿಗೆ 400 ಪಂಪ್, ಅಂದರೆ ಗಂಟೆಗೆ 50. ಒಂದು ಪಂಪಿಗೆ ಆರು ಬೋಲ್ಟು, ಹಾಗಾಗಿ ಗಂಟೆಗೆ 300. ಒಂದು ಬಿನ್ನಿಗೆ 400 ಬೋಲ್ಟು ಹಿಡಿಯುತ್ತದೆ. ಖಾಲಿಯಾದ ಸುದ್ದಿ ಸ್ಟೋರ್ಸಿಗೆ ಮುಟ್ಟಿ, ಅವರು ಎಣಿಸಿ, ಟ್ರಾಲಿ ತನ್ನ ಸುತ್ತು ಮುಗಿಸಿ ತಂದಿಡಲು ಎರಡು ಗಂಟೆ. ಏರುಪೇರಿಗೆ ಶೇ. 20 ಹೆಚ್ಚು ಹಿಡಿಯೋಣ.

```
300 × 2 × 1.2 ÷ 400 = 1.8
```

ಇದನ್ನು 2ಕ್ಕೆ ಏರಿಸಿ, ಆಪರೇಟರ್ ಕೈಹಾಕಿ ಬಳಸುತ್ತಿರುವ ಬಿನ್ ಒಂದನ್ನು ಸೇರಿಸಿದರೆ ಮೂರು.

ಈ ಮೂರರೊಳಗೆ ಅಡಗಿರುವ ಸಮಯವನ್ನು ನೋಡಿ. ಒಂದು ಬಿನ್ 80 ನಿಮಿಷ ಬರುತ್ತದೆ. ಒಂದು ಖಾಲಿಯಾದ ಮೇಲೆ ಉಳಿದೆರಡು ಮುಗಿಯಲು 160 ನಿಮಿಷ. ಅದು ತುಂಬಿ ವಾಪಸು ಬರಲು 120. ಕೈಯಲ್ಲಿ ಉಳಿಯುವುದು 40 ನಿಮಿಷ. ಲೈನಿನ ನೆಮ್ಮದಿಯೆಲ್ಲ ಈ 40 ನಿಮಿಷದ ಮೇಲೆ ನಿಂತಿದೆ.

ಕಾರ್ಡಿನ ಜಾಗಕ್ಕೆ ಈಗ ಇಆರ್‌ಪಿ ಬಂದಿದೆ. ಸ್ಯಾಪ್‌ನಲ್ಲಾದರೆ `PKMC` ತೆರೆದು ಪ್ರತಿ ಬಿಡಿಭಾಗಕ್ಕೂ ಒಂದು ಕಂಟ್ರೋಲ್ ಸೈಕಲ್ ಮಾಡುತ್ತಾರೆ. ಯಾವ ವಸ್ತು, ಲೈನಿನ ಯಾವ ಜಾಗಕ್ಕೆ, ಎಷ್ಟು ಬಿನ್, ಬಿನ್ನಿಗೆ ಎಷ್ಟು, ತುಂಬಿಸುವವರು ಯಾರು ಎಂಬುದು ಅಲ್ಲಿ ಸೇರುತ್ತದೆ. ತುಂಬಿಸುವ ದಾರಿ ಮೂರು: ಸ್ಟೋರ್ಸಿನಿಂದ ತರುವುದು, ಕಾರ್ಖಾನೆಯಲ್ಲೇ ಮಾಡುವುದು, ಇಲ್ಲವೇ ಹೊರಗಿನ ಸಪ್ಲೈಯರ್‌ನಿಂದ ತರಿಸುವುದು. ನಮ್ಮ ಬೋಲ್ಟು ಮೊದಲನೆಯ ದಾರಿಯಲ್ಲಿ ಬರುತ್ತದೆ. ಬಿನ್ನಿಗೆ ಬಾರ್‌ಕೋಡ್ ಅಂಟಿಸಿರುತ್ತಾರೆ. ಖಾಲಿಯಾದಾಗ ಸ್ಕ್ಯಾನ್ ಮಾಡಿದರೆ `PK13N` ಬೋರ್ಡಿನಲ್ಲಿ ಆ ಬಿನ್ ಕೆಂಪಾಗುತ್ತದೆ, ತುಂಬಿ ಬಂದಮೇಲೆ ಸ್ಕ್ಯಾನ್ ಮಾಡಿದರೆ ಹಸಿರಾಗುತ್ತದೆ. ಬೇರೆ ಇಆರ್‌ಪಿಗಳಲ್ಲಿ ಪರದೆ ಬೇರೆ, ಒಳಗಿನ ಲೆಕ್ಕ ಹೆಚ್ಚುಕಡಿಮೆ ಇದೇ.

ಕೂಡಿಸುವುದು ಅರ್ಧ ದಿನದ ಕೆಲಸ. ಕೆಡುವುದು ಆಮೇಲೆ, ಅದೂ ಸ್ಕ್ಯಾನರಿನ ಹತ್ತಿರ. ಬಿನ್ನಿನ ತಳದಲ್ಲಿ ನಾಲ್ಕಾರು ಬೋಲ್ಟು ಉಳಿದಿರುತ್ತವೆ. "ಇನ್ನೊಂದು ಹಿಡಿ ಐತೆ ಸಾರ್, ಮುಗೀಲಿ, ಒಟ್ಟಿಗೆ ಹೊಡೀತೀನಿ" ಎನ್ನುತ್ತಾನೆ ಆಪರೇಟರ್. ಅವನದೇನೂ ತಪ್ಪಲ್ಲ, ಸ್ಕ್ಯಾನರ್ ಕಂಬದ ಆಚೆ ಇದ್ದರೆ, ಪಂಪಿನ ಎಣಿಕೆ ಮಾತ್ರ ಕೇಳುವ ಸೂಪರ್‌ವೈಸರ್ ನೆತ್ತಿಯ ಮೇಲಿದ್ದರೆ ಯಾರೂ ಹಾಗೇ ಮಾಡುತ್ತಾರೆ. ಆದರೆ ಆ ತಡ 40 ನಿಮಿಷ ದಾಟಿತೆಂದರೆ ಲೈನು ನಿಂತಿತು. ರೋಗದ ಗುರುತು ಬೋರ್ಡಿನಲ್ಲೇ ಕಾಣುತ್ತದೆ. 80 ನಿಮಿಷಕ್ಕೊಂದು ಬಿನ್ ಕೆಂಪಾಗಬೇಕಾದ ಕಡೆ ಊಟದ ಬಿಡುವಿಗೆ ಮುಂಚೆ ಎರಡು, ಶಿಫ್ಟಿನ ಕೊನೆಗೆ ಮೂರು ಒಂದೇ ನಿಮಿಷದಲ್ಲಿ ಕೆಂಪಾಗಿದ್ದರೆ, ಅದು ಬೋಲ್ಟು ಖರ್ಚಾದ ಹೊತ್ತಲ್ಲ, ಸ್ಕ್ಯಾನರ್ ನೆನಪಾದ ಹೊತ್ತು.

ಎರಡನೆಯದು ಆರ್ಡರ್ ಏರಿದಾಗ ಬರುತ್ತದೆ. ಶಿಫ್ಟಿಗೆ 600 ಪಂಪ್ ಎಂದಾಯಿತು, ಗಂಟೆಗೆ 450 ಬೋಲ್ಟು. ಈಗ ಒಂದು ಬಿನ್ ಸುಮಾರು 53 ನಿಮಿಷ, ಎರಡು ಬಿನ್ 106 ನಿಮಿಷ, ತುಂಬಿ ಬರಲು ಮಾತ್ರ ಅದೇ 120. ಎಲ್ಲರೂ ನಿಯತ್ತಾಗಿ ಸ್ಕ್ಯಾನ್ ಮಾಡಿದರೂ ಲೈನು ಕಾಯಲೇಬೇಕು. ನಾಲ್ಕನೆಯ ಬಿನ್ ಸೇರಿಸಿದರೆ ಮತ್ತೆ 160 ನಿಮಿಷ ಸಿಗುತ್ತದೆ. ಆದರೆ ಕಂಟ್ರೋಲ್ ಸೈಕಲಿಗೆ ನಾವು ಕೈಯಾರೆ ಬರೆದ 3 ತಾನಾಗಿ 4 ಆಗುವುದಿಲ್ಲ. ಯೋಜನಾ ವಿಭಾಗದವರು ಪಂಪಿನ ಸಂಖ್ಯೆ ತಿದ್ದಿದ ದಿನವೇ ಬಿನ್ನಿನ ಲೆಕ್ಕವನ್ನೂ ಯಾರೋ ಒಬ್ಬರು ಮತ್ತೆ ಮಾಡಬೇಕು. ಆ ಯಾರೋ ಒಬ್ಬರು ಯಾರೆಂದು ಗೊತ್ತಿಲ್ಲದ ಕಡೆ ತೊಂದರೆ ಖಚಿತ.

ಮೂರನೆಯದು ನಿಧಾನವಿಷ. ಒಂದು ಪಂಪ್ ಮುಗಿಯಿತೆಂದು ದಾಖಲಾದ ಕೂಡಲೇ ಇಆರ್‌ಪಿ ಲೈನಿನ ದಾಸ್ತಾನಿನಿಂದ ಆರು ಬೋಲ್ಟು ಕಳೆಯುತ್ತದೆ. ಕೆಳಗೆ ಬಿದ್ದದ್ದು, ಥ್ರೆಡ್ ಹೋದದ್ದು ಅದಕ್ಕೆ ಗೊತ್ತಾಗುವುದಿಲ್ಲ. 400 ಪಂಪಿಗೆ 2,400 ಬೋಲ್ಟು. ಶೇ. 1 ಹಾಳಾದರೂ ಶಿಫ್ಟಿಗೆ 24, ಇಪ್ಪತ್ತೈದು ಶಿಫ್ಟಿಗೆ 600. ಅಂದರೆ ಒಂದೂವರೆ ಬಿನ್ ಬೋಲ್ಟು ಪರದೆಯ ಮೇಲಿದೆ, ನೆಲದ ಮೇಲಿಲ್ಲ. ಕಾನ್‌ಬಾನ್ ಸ್ಕ್ಯಾನನ್ನೇ ನಂಬಿ ನಡೆಯುವುದರಿಂದ ಲೈನು ಆರಾಮಾಗಿ ಓಡುತ್ತಿರುತ್ತದೆ. ಪೆಟ್ಟು ಬೀಳುವುದು ಖರೀದಿಗೆ. ಸ್ಟೋರ್ಸಿಗೆ ಎಷ್ಟು ತರಿಸಬೇಕೆಂದು ನಿರ್ಧರಿಸುವುದು ಸಾಮಾನ್ಯವಾಗಿ ಎಂಆರ್‌ಪಿ ಲೆಕ್ಕವೇ. ಅದು ಲೈನಿನ ದಾಸ್ತಾನನ್ನೂ ಸೇರಿಸಿಕೊಂಡರೆ 600 ಕಡಿಮೆ ತರಿಸುತ್ತದೆ. ವಾರಗಳ ನಂತರ ಸ್ಟೋರ್ಸೇ ಬರಿದಾದಾಗ ಎಲ್ಲರೂ ಸಪ್ಲೈಯರ್ ಮೇಲೆ ಹರಿಹಾಯುತ್ತಾರೆ. ಲೈನಿನ ದಾಸ್ತಾನು ಬಿನ್ನುಗಳು ಹಿಡಿಯುವುದಕ್ಕಿಂತ ಹೆಚ್ಚು ತೋರಿಸಿದರೆ, ನಮ್ಮ ಉದಾಹರಣೆಯಲ್ಲಿ 1,200 ಮೀರಿದರೆ, ಆ ಅಂಕಿ ಸುಳ್ಳೆಂದು ಕುಳಿತಲ್ಲೇ ಹೇಳಬಹುದು. ವಾರಕ್ಕೊಮ್ಮೆ ಎಣಿಸಿ ಹಾಳಾದದ್ದನ್ನು ಸ್ಕ್ರ್ಯಾಪ್ ಎಂದು ಬರೆದರೆ ಮುಗಿಯಿತು.

ಇದು ಎಲ್ಲ ಸಾಮಾನಿಗೂ ಹೊಂದುವ ಪದ್ಧತಿಯಲ್ಲ. ಬೋಲ್ಟು, ವಾಷರ್, ಓ-ರಿಂಗ್‌ನಂಥ ದಿನವೂ ಸಮನಾಗಿ ಖರ್ಚಾಗುವ ವಸ್ತುಗಳಿಗೆ ಹೇಳಿಮಾಡಿಸಿದ್ದು. ಒಂದು ವಾರ ನೂರು, ಮರುವಾರ ಸೊನ್ನೆ ಎನ್ನುವ ಮೋಟಾರಿಗೆ ಬಿನ್ ಕಟ್ಟಿದರೆ ದುಡ್ಡು ಲೈನಿನ ಪಕ್ಕ ಧೂಳು ತಿನ್ನುತ್ತದೆ; ಅದನ್ನು ಆರ್ಡರಿನ ಲೆಕ್ಕಕ್ಕೇ ಬಿಡುವುದು ಮೇಲು.

ನಿಮ್ಮ ಕಾರ್ಖಾನೆಯಲ್ಲಿ ಇದನ್ನು ಅಳವಡಿಸುವುದಿದ್ದರೆ ಆ ಎರಡು ಗಂಟೆಯನ್ನು ಸ್ಟೋರ್ಸಿನವರ ಬಾಯಿಮಾತಿನಿಂದ ತೆಗೆದುಕೊಳ್ಳಬೇಡಿ. ಗಡಿಯಾರ ಹಿಡಿದು ಲೈನಿನ ಪಕ್ಕ ಒಂದು ಶಿಫ್ಟ್ ನಿಲ್ಲಿ. ಬಿನ್ ಖಾಲಿಯಾದ ಹೊತ್ತನ್ನೂ ತುಂಬಿದ್ದು ವಾಪಸು ಬಂದ ಹೊತ್ತನ್ನೂ ಬರೆದುಕೊಳ್ಳಿ. ಅದರಲ್ಲಿ ಅತಿ ಹೆಚ್ಚು ಹಿಡಿದ ಸಮಯ ಯಾವುದೋ, ಅದನ್ನೇ ಸಿಸ್ಟಮಿಗೆ ಹಾಕಿ.